ಅಡಿಕೆ ಧಾರಣೆ ಆ್ಯಪ್‌ಗೆ ಡಾರ್ಕ್ ಮೋಡ್: ಕಡುಗಪ್ಪು ಬಿಟ್ಟು ಬಣ್ಣ ಆರಿಸಿದ್ದು ಹೀಗೆ

ಅಡಿಕೆ ಧಾರಣೆ ತೋರಿಸುವ ಒಂದು ಸಣ್ಣ ಆಂಡ್ರಾಯ್ಡ್ ಆ್ಯಪ್ ಅನ್ನು ನಾನು ಶಿವಮೊಗ್ಗದಿಂದ ನೋಡಿಕೊಳ್ಳುತ್ತೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಹೀಗೆ ಅಡಿಕೆಯ ಒಂದೊಂದು ಬಗೆಗೂ ಒಂದು ಕಾರ್ಡ್. ಅದರಲ್ಲಿ ಕ್ವಿಂಟಾಲಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ನಿನ್ನೆಗಿಂತ ಏರಿತೋ ಇಳಿಯಿತೋ ಅನ್ನುವುದು ಇರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಬೆಳೆಗಾರರು ಇದನ್ನು ಹೆಚ್ಚಾಗಿ ನೋಡುವುದು ರಾತ್ರಿ ಹೊತ್ತು. ಮಳೆಗಾಲದಲ್ಲಿ ಕರೆಂಟ್ ಹೋದ ಮನೆಯಲ್ಲಿ ಫೋನಿನ ಬೆಳಕು ಬಿಟ್ಟರೆ ಬೇರೆ ಬೆಳಕೇ ಇರುವುದಿಲ್ಲ. ಹಾಗಾಗಿ ಡಾರ್ಕ್ ಮೋಡ್ ಇಲ್ಲಿ ಅಂದಕ್ಕಾಗಿ ಅಲ್ಲ, ಓದುವುದಕ್ಕೆ ಬೇಕಾದದ್ದು.

ಆ್ಯಪ್ ನನ್ನ ಕೈಗೆ ಬಂದಾಗಲೇ ಅದರಲ್ಲಿ ಒಂದು ಡಾರ್ಕ್ ಮೋಡ್ ಇತ್ತು. ಹಿನ್ನೆಲೆ `#000000`, ಅಕ್ಷರ `#FFFFFF`. ಕಾಂಟ್ರಾಸ್ಟ್ ಲೆಕ್ಕದಲ್ಲಿ ಇದು 21:1. ಇದಕ್ಕಿಂತ ಜಾಸ್ತಿ ಸಾಧ್ಯವೇ ಇಲ್ಲ. ಆದರೂ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಫೋನ್ ಮಾಡಿ, "ತಮ್ಮಾ, ಅಂಕಿ ಚೆನ್ನಾಗಿ ಕಾಣ್ತದೆ. ಕೆಳಗಿನ ಅಕ್ಷರ ಮಾತ್ರ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣ್ತದೆ ಮಾರಾಯ" ಅಂದರು.

ಅವರು ಹೇಳಿದ್ದಕ್ಕೆ ಕಾರಣ ಇದೆ. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗುತ್ತದೆ. ಆಗ ಕಣ್ಣಿನ ಸಣ್ಣಪುಟ್ಟ ದೋಷಗಳೂ ಎದ್ದು ಕಾಣುತ್ತವೆ. ಅಸ್ಟಿಗ್ಮ್ಯಾಟಿಸಂ ಇರುವವರಿಗಂತೂ ಕಡುಗಪ್ಪಿನ ಮೇಲಿನ ಬಿಳಿ ಗೆರೆ ಅಂಚಿನಿಂದ ಆಚೆಗೆ ಹರಡಿದಂತೆ ಕಾಣುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಇದರಿಂದ ಅಷ್ಟು ತೊಂದರೆ ಇಲ್ಲ, ಒಳಗಿನ ಜಾಗ ದೊಡ್ಡದು. ನಮ್ಮ ಅಕ್ಷರದ ಕಥೆ ಬೇರೆ. "ಕನಿಷ್ಠ", "ಗರಿಷ್ಠ" ಎರಡರಲ್ಲೂ ಷಕಾರದ ಕೆಳಗೆ ಒಂದು ಠ ಒತ್ತು ಇದೆ. ಪುಟ್ಟ ವೃತ್ತ, ಅದರೊಳಗೊಂದು ಚುಕ್ಕೆ. ಸುತ್ತಲಿನ ಗೆರೆ ಹರಡಿದರೆ ಆ ಚುಕ್ಕೆ ಮುಚ್ಚಿಹೋಗುತ್ತದೆ. "ಬೆಟ್ಟೆ"ಯ ಒತ್ತೂ ಹಾಗೇ ಗಂಟು ಕಟ್ಟಿಕೊಳ್ಳುತ್ತದೆ. ಅದಕ್ಕೇ ಕಾರ್ಡಿನ ಅತಿ ಸಣ್ಣ ಸಾಲಿನ "ಗರಿಷ್ಠ" ಪದವನ್ನೇ ನನ್ನ ಪರೀಕ್ಷೆಯ ಪದ ಮಾಡಿಕೊಂಡೆ. ಆ ಚುಕ್ಕೆ ಕಂಡರೆ ಬಣ್ಣ ಪಾಸು.

ಕಡುಗಪ್ಪಿಗೆ ಇನ್ನೊಂದು ತೊಂದರೆಯೂ ಇದೆ. ಓಲೆಡ್ ಪರದೆಯಲ್ಲಿ `#000000` ಅಂದರೆ ಪಿಕ್ಸೆಲ್ ಪೂರ್ತಿ ಆಫ್. ಅದು ಮತ್ತೆ ಹೊತ್ತಿಕೊಳ್ಳಲು ಚೂರು ಹೊತ್ತು ಬೇಕು. ಬ್ರೈಟ್‌ನೆಸ್ ಕಮ್ಮಿ ಇಟ್ಟು ಪಟ್ಟಿಯನ್ನು ಬೇಗ ಸರಿಸಿ ನೋಡಿ. ಕಾರ್ಡುಗಳ ಅಂಚಿನ ಹಿಂದೆ ಮಸಿ ಎಳೆದ ಹಾಗೆ ಕಾಣುತ್ತದೆ. ಹಿನ್ನೆಲೆಗೆ ಒಂದಿಷ್ಟು ಬೂದು ಕೊಟ್ಟರೆ ಪಿಕ್ಸೆಲ್ ಆಫ್ ಆಗುವುದಿಲ್ಲ, ಎಳೆಯೂ ಕಮ್ಮಿಯಾಗುತ್ತದೆ.

ಗೂಗಲ್‌ನ ಮೆಟೀರಿಯಲ್ ಡಿಸೈನ್ ಡಾರ್ಕ್ ಥೀಮಿಗೆ `#121212` ಸೂಚಿಸಿತ್ತು. ನಾನು ಅಲ್ಲಿಂದಲೇ ಹೊರಟು, ಹಸಿರನ್ನು ಚೂರು, ನೀಲಿಯನ್ನು ಅದರ ಅರ್ಧದಷ್ಟು ಏರಿಸಿದೆ. ಆ್ಯಪ್‌ನ ಮುಖ್ಯ ಬಣ್ಣ ಹಸಿರು, ಅದಕ್ಕೆ ಹೊಂದಬೇಕಲ್ವಾ. ಕೊನೆಗೆ `values-night/colors.xml` ಹೀಗೆ ನಿಂತಿತು:

```xml
<color name="bg">#121614</color>
<color name="card">#1C221F</color>
<color name="sheet">#262D29</color>
<color name="text">#E3E6E1</color>
<color name="text_dim">#A3ABA5</color>
<color name="up">#A5D6A7</color>
<color name="down">#EF9A9A</color>
```

ಮೊದಲ ಮೂರು ನೆಲದ ಬಣ್ಣಗಳು. ಕತ್ತಲೆಯಲ್ಲಿ ನೆರಳು ಕಾಣುವುದಿಲ್ಲ. ಆದ್ದರಿಂದ ಮೇಲೆ ಇರುವ ಪದರಕ್ಕೆ ನೆರಳು ಕೊಡುವ ಬದಲು ಅದನ್ನೇ ಒಂದು ಹಂತ ತಿಳಿ ಮಾಡಬೇಕು. ಹಿನ್ನೆಲೆಗಿಂತ ಕಾರ್ಡ್ ತಿಳಿ, ಕಾರ್ಡಿಗಿಂತ ಕೆಳಗಿನಿಂದ ಏರಿ ಬರುವ ಶೀಟ್ ತಿಳಿ.

ಅಕ್ಷರಕ್ಕೆ ಪೂರ್ತಿ ಬಿಳಿ ಬೇಡ. `#E3E6E1` ಕಾರ್ಡಿನ ಮೇಲೆ ಸುಮಾರು 12.8:1 ಕೊಡುತ್ತದೆ. ಎಲ್ಲರಿಗೂ ಓದಲು ಬರುವಂತೆ ಪರದೆ ರೂಪಿಸುವ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ ಸಾಮಾನ್ಯ ಗಾತ್ರದ ಬರಹಕ್ಕೆ ಕೇಳುವ ಕನಿಷ್ಠ 4.5:1. ಅದನ್ನು ಧಾರಾಳವಾಗಿ ದಾಟಿದೆ, ಕಣ್ಣಿಗೂ ಚುಚ್ಚುವುದಿಲ್ಲ. ತಾರೀಖು, ಮಾರುಕಟ್ಟೆಯ ಹೆಸರಿನಂಥ ಅಷ್ಟು ಮುಖ್ಯವಲ್ಲದ ಸಣ್ಣ ಸಾಲಿಗೆ `#A3ABA5`. ಇದು ಕಾರ್ಡಿನ ಮೇಲೆ 6.9:1, ಶೀಟಿನ ಮೇಲೆ ಸುಮಾರು 6:1. ಇಲ್ಲಿ 4.5ಕ್ಕೆ ನಿಲ್ಲಿಸಿದರೆ ಇಂಗ್ಲಿಷಿಗೆ ಸಾಕಾಗಬಹುದು. ಆದರೆ ಕನ್ನಡದ ಒತ್ತು ತನ್ನ ಮೂಲ ಅಕ್ಷರಕ್ಕಿಂತ ತೀರಾ ಚಿಕ್ಕದು, ಗೆರೆಯೂ ತೆಳು. ಸಣ್ಣ ಸಾಲಿಗೆ 6ರ ಕೆಳಗೆ ಇಳಿಯಬಾರದು ಅನ್ನುವುದು ನನ್ನ ಲೆಕ್ಕ. ಯಾವಾಗಲೂ ಅತ್ಯಂತ ತಿಳಿಯಾದ ಪದರದ ಮೇಲೆ ಅಳೆಯಬೇಕು, ಏಕೆಂದರೆ ಕಾಂಟ್ರಾಸ್ಟ್ ಮೊದಲು ಸೋಲುವುದು ಅಲ್ಲೇ.

ಹೆಚ್ಚು ಕೆಲಸ ಕೇಳಿದ್ದು ಏರಿಕೆ ಇಳಿಕೆಯ ಬಣ್ಣ. ಲೈಟ್ ಮೋಡಿನಲ್ಲಿ ಇಳಿಕೆಗೆ `#C62828` ಇತ್ತು. ಬಿಳಿ ಹಾಳೆಯ ಮೇಲೆ ಅದು 5.6:1, ಚೆನ್ನಾಗಿಯೇ ಇದೆ. ಅದೇ ಕೆಂಪನ್ನು ಹೊಸ ಕಾರ್ಡಿನ ಮೇಲೆ ಇಟ್ಟರೆ 2.9:1ಕ್ಕೆ ಬೀಳುತ್ತದೆ. ಏರಿಕೆಯ ಹಸಿರು `#2E7D32` ಕೂಡ 5.1ರಿಂದ 3.2ಕ್ಕೆ ಇಳಿಯುತ್ತದೆ. ಇಂಥ ಗಾಢ ಬಣ್ಣವನ್ನು ಹಾಗೇ ಉಳಿಸಿ ಬರೀ ಹೊಳಪು ಏರಿಸಿದರೆ ಅದು ಕತ್ತಲಲ್ಲಿ ನಡುಗಿದಂತೆ ಕಾಣುತ್ತದೆ. ಗಾಢತೆ ಇಳಿಸಿ, ಬಿಳಿ ಬೆರೆಸಿದ ಬಣ್ಣ ಹಿಡಿಯಬೇಕು. `#EF9A9A` ಕಾರ್ಡಿನ ಮೇಲೆ 7.5:1, `#A5D6A7` 9.8:1. ಎರಡೂ ಮೆಟೀರಿಯಲ್ ಪಟ್ಟಿಯ 200ನೇ ಛಾಯೆಗಳು. ತಿಳಿಯಾದ ಮೇಲೆ ಇವೆರಡರ ನಡುವಿನ ವ್ಯತ್ಯಾಸ ಕೊಂಚ ಮಸುಕಾಗುತ್ತದೆ. ಕೆಂಪು ಹಸಿರು ಗುರುತಿಸಲಾಗದವರೂ ಇದ್ದಾರೆ. ಹಾಗಾಗಿ ಅಂಕಿಯ ಪಕ್ಕ ▲ ▼ ಇಟ್ಟೆ. ರೇಟು ಏರಿತೋ ಇಳಿಯಿತೋ ಅನ್ನುವುದು ಬಣ್ಣದ ಮೇಲೆ ಮಾತ್ರ ನಿಲ್ಲಬಾರದು.

ಬಣ್ಣದ ಜೊತೆಗೆ ಅಕ್ಷರದ ದಪ್ಪವನ್ನೂ ನೋಡಿ. ಕಪ್ಪಿನ ಮೇಲಿನ ತಿಳಿ ಅಕ್ಷರ ಇರುವುದಕ್ಕಿಂತ ದಪ್ಪ ಕಾಣುತ್ತದೆ. ಡಾರ್ಕ್ ಮೋಡಿನಲ್ಲಿ ಕಾರ್ಡಿನ ಶೀರ್ಷಿಕೆಯನ್ನು ಬೋಲ್ಡ್‌ನಿಂದ ಮೀಡಿಯಂಗೆ ಇಳಿಸಿದ ಮೇಲೆ "ಬೆಟ್ಟೆ"ಯ ಒತ್ತು ಬಿಡಿಸಿಕೊಂಡಿತು.

ಪರೀಕ್ಷೆ ಮಾಡುವಾಗ ಸ್ಕ್ರೀನ್‌ಶಾಟ್ ನಂಬಬೇಡಿ. ಅದರಲ್ಲಿ ಬಣ್ಣದ ಸಂಖ್ಯೆ ಇರುತ್ತದೆಯೇ ಹೊರತು ಪರದೆಯ ಬೆಳಕು ಇರುವುದಿಲ್ಲ. ನಾನು ಒಂದು ಓಲೆಡ್ ಫೋನ್, ಒಂದು ಅಗ್ಗದ ಎಲ್‌ಸಿಡಿ ಫೋನ್ ಪಕ್ಕಪಕ್ಕ ಇಟ್ಟು, ದೀಪ ಆರಿಸಿ, ಬ್ರೈಟ್‌ನೆಸ್ ಪೂರ್ತಿ ಇಳಿಸಿ ನೋಡಿದೆ. ಆಂಡ್ರಾಯ್ಡ್ 12ರಿಂದ ಎಕ್ಸ್‌ಟ್ರಾ ಡಿಮ್ ಅನ್ನುವ ಸೌಲಭ್ಯ ಇದೆ, ಅದನ್ನೂ ಹಾಕಿ ನೋಡಿದೆ. ಆಗ ಒಂದು ವಿಷಯ ತಿಳಿಯಿತು. ಹಿನ್ನೆಲೆ ಮತ್ತು ಕಾರ್ಡಿನ ನಡುವೆ ಇರುವುದು ಬರೀ 1.13:1. ಬ್ರೈಟ್‌ನೆಸ್ ತೀರಾ ಇಳಿಸಿದಾಗ ಎಲ್‌ಸಿಡಿಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ, ಒಂದು ಕಾರ್ಡ್ ಎಲ್ಲಿ ಮುಗಿಯಿತು ಅನ್ನುವುದೇ ಗೊತ್ತಾಗುವುದಿಲ್ಲ. ಕಾರ್ಡನ್ನು ಇನ್ನೂ ತಿಳಿ ಮಾಡಿದರೆ ಅಕ್ಷರದ ಕಾಂಟ್ರಾಸ್ಟ್ ಇಳಿಯುತ್ತದೆ. ಅದಕ್ಕೆ ಕಾರ್ಡಿನ ಬಣ್ಣ ಮುಟ್ಟದೆ, ಸುತ್ತ `1dp` ದಪ್ಪದ `#3A433E` ಗೆರೆ ಎಳೆದೆ. ಅದು ಎರಡೂ ಫೋನಿನಲ್ಲಿ ನಿಂತಿತು.

ಈ ಬಣ್ಣಗಳು ಹಗಲಿನ ಅಂಗಳಕ್ಕೆ ಆಗಿಬರುವುದಿಲ್ಲ. ಅಡಿಕೆ ಒಣಗಿಸುವ ಅಂಗಳದ ಬಿಸಿಲು ಪರದೆಯ ಗಾಜಿನ ಮೇಲೆ ಬಿದ್ದಾಗ ಪ್ರತಿಫಲಿಸಿದ ಬೆಳಕು ಅಕ್ಷರಕ್ಕೂ ಹಿನ್ನೆಲೆಗೂ ಒಂದೇ ಸಮ ಸೇರಿಕೊಳ್ಳುತ್ತದೆ. ಆಗ ಕತ್ತಲೆ ಹಿನ್ನೆಲೆಯೇ ಹೆಚ್ಚು ತೊಳೆದುಹೋಗುತ್ತದೆ. ಇದಕ್ಕೆ ಬಣ್ಣ ತಿದ್ದಿ ಪ್ರಯೋಜನವಿಲ್ಲ, ಲೈಟ್ ಮೋಡೇ ಬೇಕು. ಸೆಟ್ಟಿಂಗ್ಸ್‌ನಲ್ಲಿ "ಫೋನಿನಂತೆ", "ಬೆಳಕು", "ಕತ್ತಲು" ಎಂದು ಮೂರು ಆಯ್ಕೆ ಇಟ್ಟು, ಧಾರಣೆಯ ಪಟ್ಟಿಯ ಮೇಲ್ತುದಿಯಲ್ಲೂ ಒಂದೇ ಒತ್ತಿಗೆ ಬದಲಾಗುವ ಒಂದು ಗುಂಡಿ ಕೊಟ್ಟಿದ್ದೇನೆ.