ಬೇಳೆ ಐದು ಪಟ್ಟಾದರೂ ಒಗ್ಗರಣೆ ಎರಡೇ ಪಟ್ಟು

ನಮ್ಮ ಮನೆಯಲ್ಲಿ ದಿನನಿತ್ಯದ ತೊವ್ವೆಗೆ ಒಂದು ಲೋಟ ತೊಗರಿಬೇಳೆ ಹಾಕುತ್ತೇನೆ, ಅಂದರೆ ಸುಮಾರು 200 ಗ್ರಾಂ. ನಾಲ್ಕೈದು ಜನಕ್ಕೆ ಸಾಕು. ಅದಕ್ಕೆ ಮೂರು ಟೀ ಚಮಚ ಕಡಲೆಕಾಯಿ ಎಣ್ಣೆ, ಅರ್ಧ ಚಮಚ ಸಾಸಿವೆ, ಅರ್ಧ ಚಮಚ ಜೀರಿಗೆ, ಎರಡು ಒಣಮೆಣಸಿನಕಾಯಿ, ಚಿಟಿಕೆ ಇಂಗು, ಒಂದು ಎಸಳು ಕರಿಬೇವು. ಮನೆಯಲ್ಲಿ ಪೂಜೆಯೋ ಹುಟ್ಟುಹಬ್ಬವೋ ಇದ್ದು ಇಪ್ಪತ್ತು, ಇಪ್ಪತ್ತೈದು ಜನ ಊಟಕ್ಕೆ ಬಂದರೆ ಬೇಳೆ ಒಂದು ಕೆಜಿ ಆಗುತ್ತದೆ. ಲೆಕ್ಕದಂತೆ ಹೋದರೆ ಎಲ್ಲವೂ ಐದು ಪಟ್ಟಾಗಬೇಕು. ಎಣ್ಣೆ ಹದಿನೈದು ಚಮಚ, ಸಾಸಿವೆ ಎರಡೂವರೆ, ಜೀರಿಗೆ ಎರಡೂವರೆ. ಆದರೆ ನಾನು ಹಾಕುವುದು ಏಳು ಚಮಚ ಎಣ್ಣೆ, ಒಂದೂಕಾಲು ಚಮಚ ಸಾಸಿವೆ, ಒಂದೇ ಒಂದು ಚಮಚ ಜೀರಿಗೆ. ಅಷ್ಟಕ್ಕೇ ತೊವ್ವೆ ಘಮ್ಮೆನ್ನುತ್ತದೆ.

ಉಪ್ಪಿನ ವಿಷಯದಲ್ಲಿ ಹೀಗೆ ಮಾಡಲು ಆಗುವುದಿಲ್ಲ. ಉಪ್ಪು ತೊವ್ವೆಯ ಪ್ರತಿ ಹನಿಯಲ್ಲೂ ಕರಗಿರಬೇಕು, ಹಾಗಾಗಿ ಬೇಳೆ, ನೀರು ಹೆಚ್ಚಿದಷ್ಟೂ ಅದೂ ಹೆಚ್ಚಬೇಕು. ಹಸಿಮೆಣಸಿನಕಾಯಿ, ನಿಂಬೆರಸ ಕೂಡ ಹೆಚ್ಚುಕಡಿಮೆ ಹಾಗೇ. ಒಗ್ಗರಣೆಯ ದಾರಿ ಬೇರೆ.

ಮೊದಲು ಎಣ್ಣೆಯನ್ನೇ ನೋಡೋಣ. ಒಂದು ಲೋಟ ಬೇಳೆಗೆ ಮೂರು ಚಮಚ ಎಣ್ಣೆ ಹಾಕುವುದು ಬೇಳೆಗೆ ಅಷ್ಟು ಬೇಕೆಂದಲ್ಲ, ಸೌಟಿಗೆ ಬೇಕೆಂದು. ಒಗ್ಗರಣೆ ಸೌಟಿನ ತಳದಲ್ಲಿ ಸಾಸಿವೆ ಮುಳುಗಿ ಹೊರಳಾಡುವಷ್ಟು ಎಣ್ಣೆ ನಿಲ್ಲಬೇಕು. ಅಷ್ಟಿಲ್ಲದಿದ್ದರೆ ತಳಕ್ಕೆ ಅಂಟಿದ ಕಾಳು ಕರಕಲಾಗುತ್ತದೆ, ಮೇಲಿನದು ಸಿಡಿಯುವುದೇ ಇಲ್ಲ. ಒಂದಿಷ್ಟು ಎಣ್ಣೆ ಸೌಟಿಗೇ ಮೆತ್ತಿಕೊಂಡು ಉಳಿಯುತ್ತದೆ ಬೇರೆ. ಅಂದರೆ ಸಣ್ಣ ಪಾತ್ರೆಯ ಒಗ್ಗರಣೆಯಲ್ಲಿ ಎಣ್ಣೆ ಆಗಲೇ ಅಗತ್ಯಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಬೇಳೆ ಎರಡು ಲೋಟವಾದರೆ ನಾನು ಎಣ್ಣೆಯನ್ನು ಒಂದು ಚಮಚವಷ್ಟೇ ಏರಿಸುತ್ತೇನೆ. ಸಾಸಿವೆ, ಜೀರಿಗೆ ಒಂದು ಚಿಟಿಕೆ ಹೆಚ್ಚು, ಅಷ್ಟೇ.

ಎರಡನೆಯ ಕಾರಣ ಪಾತ್ರೆಯ ಬಾಯಿ. ಒಗ್ಗರಣೆಯ ಘಮ ಇರುವುದು ಎಣ್ಣೆಯಲ್ಲಿ, ಎಣ್ಣೆ ತೇಲುವುದು ಮೇಲೆ. ಬಡಿಸುವಾಗ ಮೂಗಿಗೆ ಬರುವುದು ಆ ಮೇಲ್ಪದರದ ವಾಸನೆ. ಒಂದೇ ಆಕಾರದ ಪಾತ್ರೆಯಲ್ಲಿ ತೊವ್ವೆ ಐದು ಪಟ್ಟಾದರೆ ಅದರ ಮೇಲ್ಮೈ ಸುಮಾರು ಮೂರು ಪಟ್ಟು ಮಾತ್ರ ಆಗುತ್ತದೆ. ಉಳಿದ ಬೇಳೆಯೆಲ್ಲ ಆಳಕ್ಕೆ ಹೋಗುತ್ತದೆ. ಆ ಮೇಲ್ಮೈಗೆ ಹದಿನೈದು ಚಮಚ ಎಣ್ಣೆ ಸುರಿದರೆ ಅದು ಪದರವಾಗಿ ನಿಲ್ಲುತ್ತದೆ. ಮೊದಲು ಬಡಿಸಿಕೊಂಡವರ ಎಲೆಯಲ್ಲಿ ಅನ್ನದ ಸುತ್ತ ಎಣ್ಣೆ ಹರಿಯುತ್ತದೆ, ಕೊನೆಯವರಿಗೆ ಬರೀ ಬೇಳೆ. ಸೌಟು ಎತ್ತಿದಾಗ ಅದರ ಅಂಚಿನಲ್ಲಿ ಎಣ್ಣೆ ಬಳೆಯಂತೆ ಕಂಡರೆ ಜಾಸ್ತಿಯಾಗಿದೆ ಎಂದೇ ಅರ್ಥ.

ಜೀರಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು. ಅದು ತೊವ್ವೆಗೆ ಬಿದ್ದ ಮೇಲೂ ಸುಮ್ನೆ ಇರುವುದಿಲ್ಲ. ದೊಡ್ಡ ಪಾತ್ರೆ ಬೇಗ ಆರದು. ಮುಚ್ಚಳ ಹಾಕಿಟ್ಟರೆ ಒಂದು ಗಂಟೆ ಕಳೆದರೂ ಬಿಸಿ ಇರುತ್ತದೆ. ಅಷ್ಟು ಹೊತ್ತೂ ಜೀರಿಗೆ ನೆನೆದು ತನ್ನ ಸತ್ವ ಬಿಡುತ್ತಲೇ ಇರುತ್ತದೆ. ಒಗ್ಗರಣೆ ಕೊಟ್ಟ ತಕ್ಷಣ ರುಚಿ ನೋಡಿದರೆ ಸರಿಯಾಗಿದೆ ಅನ್ನಿಸುವ ತೊವ್ವೆ ಅರ್ಧ ಗಂಟೆಯಲ್ಲಿ ಬರೀ ಜೀರಿಗೆ ಕಷಾಯದ ರುಚಿಗೆ ತಿರುಗಬಹುದು. ಮನೆಮಟ್ಟಿಗೆ ಮಾಡಿದ ಒಂದು ಲೋಟದ ತೊವ್ವೆಗೆ ಈ ತೊಂದರೆ ಇಲ್ಲ, ಅಷ್ಟರಲ್ಲಿ ಊಟವೇ ಮುಗಿದಿರುತ್ತದೆ ಅಲ್ವಾ! ಸಾಸಿವೆ ಹಾಗಲ್ಲ. ಸಿಡಿದ ಮೇಲೆ ಅದರ ಖಾರ ಹೋಗಿ, ಹುರಿದ ಕಾಳಿನ ರುಚಿ ಮಾತ್ರ ಉಳಿಯುತ್ತದೆ. ಆದರೆ ಅದು ತಳಕ್ಕೆ ಇಳಿಯುತ್ತದೆ. ಜಾಸ್ತಿ ಹಾಕಿದರೆ ಕೊನೆಯ ಪಂಕ್ತಿಯವರಿಗೆ ಬಾಯಿ ತುಂಬ ಸಾಸಿವೆ.

ಅಳತೆಗಿಂತ ದೊಡ್ಡ ಬದಲಾವಣೆ ಆಗುವುದು ಸಮಯದಲ್ಲಿ. ಮೂರು ಚಮಚ ಎಣ್ಣೆ ಒಲೆ ಆರಿಸಿದ ಕೂಡಲೇ ತಣಿಯತೊಡಗುತ್ತದೆ. ಏಳು ಚಮಚ ಎಣ್ಣೆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಲೆ ಆರಿಸಿದ ಮೇಲೂ ಜೀರಿಗೆ ಬೇಯುತ್ತಲೇ ಇರುತ್ತದೆ. ಹಾಗಾಗಿ ಒಂದು ಕೆಜಿ ಬೇಳೆಗೆ ಒಗ್ಗರಣೆ ಮಾಡುವಾಗ ಸೌಟು ಬಿಟ್ಟು ಸಣ್ಣ ಕಬ್ಬಿಣದ ಬಾಣಲೆ ಇಡುತ್ತೇನೆ. ಕಾಳುಗಳು ಒಂದರ ಮೇಲೊಂದು ಕೂರದೆ ಹರಡಿಕೊಳ್ಳುವಷ್ಟು ತಳ ಅದಕ್ಕಿರಬೇಕು. ಎಣ್ಣೆ ಕಾದಿದೆಯೇ ಎಂದು ನೋಡಲು ನಾಲ್ಕು ಕಾಳು ಸಾಸಿವೆ ಹಾಕುತ್ತೇನೆ. ಅವು ತಕ್ಷಣ ಸಿಡಿದರೆ ಉಳಿದದ್ದನ್ನೂ ಹಾಕಿ ಉರಿ ಮಧ್ಯಮಕ್ಕೆ ಇಳಿಸುತ್ತೇನೆ. ಚಟಪಟ ಸದ್ದು ಜೋರಾಗಿ, ಆಮೇಲೆ ಬಿಟ್ಟು ಬಿಟ್ಟು ಬರತೊಡಗಿದಾಗ ಜೀರಿಗೆ ಹಾಕಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಸಾಸಿವೆ ಸಿಡಿಯುವ ಹೊತ್ತಿಗೆ ಜೀರಿಗೆ ಕಪ್ಪಾಗಿ ಕಹಿಯಾಗಿರುತ್ತದೆ. ಜೀರಿಗೆ ಉಬ್ಬಿ ಬಣ್ಣ ಒಂದು ಛಾಯೆ ಗಾಢವಾಗುತ್ತಿದ್ದಂತೆ ಒಣಮೆಣಸಿನಕಾಯಿ ಹಾಕಿ ಒಲೆ ಆರಿಸುತ್ತೇನೆ. ಆಮೇಲೆ ಇಂಗು, ಕೊನೆಗೆ ಕರಿಬೇವು. ಕರಿಬೇವಿನಲ್ಲಿರುವ ನೀರು ಎಣ್ಣೆಯ ಬಿಸಿಯನ್ನು ಸ್ವಲ್ಪ ಇಳಿಸುತ್ತದೆ. ಅದರ ಸದ್ದು ಅಡಗುವ ಮೊದಲೇ ಒಗ್ಗರಣೆ ಪಾತ್ರೆಯಲ್ಲಿರಬೇಕು.

ತೊವ್ವೆಗೆ ಸುರಿದ ಕೂಡಲೇ ಮುಚ್ಚಳ ಮುಚ್ಚಿ ಐದು ನಿಮಿಷ ಮುಟ್ಟುವುದಿಲ್ಲ. ಮೇಲೆದ್ದ ಘಮವೆಲ್ಲ ಹೊರಗೆ ಹೋಗದೆ ಪಾತ್ರೆಯಲ್ಲೇ ನಿಲ್ಲಲಿ ಎಂದು. ಬಡಿಸುವ ಮುಂಚೆ ತಳದಿಂದ ಒಂದೆರಡು ಸಲ ಕಲಕಿದರೆ ಸಾಕು. ತೀರಾ ಕಲಕಿದರೆ ಗಟ್ಟಿ ಬೇಳೆಯೊಳಗೆ ಎಣ್ಣೆ ಬೆರೆತುಹೋಗಿ ಒಗ್ಗರಣೆ ಮಂಕಾಗುತ್ತದೆ. ಆಗ ಸಾಲದು ಎಂದು ಇನ್ನಷ್ಟು ಎಣ್ಣೆ ಹಾಕುವ ಮನಸ್ಸಾಗುತ್ತದೆ, ಹಾಕಬೇಡಿ.

ತೊವ್ವೆಯಲ್ಲಿ ಕಹಿ ಕಂಡರೆ ಕಾಳನ್ನೇ ಎತ್ತಿ ನೋಡಿ. ಸಿಡಿದ ಸಾಸಿವೆಯ ಸಿಪ್ಪೆ ಬಿರಿದಿರುತ್ತದೆ, ಹಲ್ಲಿಗೆ ಹಗುರ. ಸಿಡಿಯದ್ದು ಗುಂಡಗೆ ಹೊಳೆಯುತ್ತಾ ಇರುತ್ತದೆ, ಕಚ್ಚಿದರೆ ಹಸಿ ಕಹಿ. ಜೀರಿಗೆ ಕಂದಾಗಿದ್ದರೆ ಸರಿ, ಕಪ್ಪಾಗಿದ್ದರೆ ಕಹಿ ಅದರದ್ದೇ.

ಅಳತೆ ಕಡಿಮೆಯಾಯಿತೇನೋ ಎಂಬ ಅನುಮಾನ ಬಂದರೂ ನಾನು ಕಡಿಮೆಯ ಕಡೆಗೇ ನಿಲ್ಲುತ್ತೇನೆ. ಹಾಕಿದ ಒಗ್ಗರಣೆಯನ್ನು ವಾಪಸ್ ತೆಗೆಯಲಾಗದು, ಸೇರಿಸುವುದು ಎರಡು ನಿಮಿಷದ ಕೆಲಸ. ಎರಡು ಪಂಕ್ತಿ ಊಟವಿದ್ದರೆ ನಾಲ್ಕೂವರೆ ಚಮಚ ಎಣ್ಣೆಯ ಒಗ್ಗರಣೆ ಮೊದಲು ಕೊಟ್ಟು, ಎರಡನೇ ಪಂಕ್ತಿಗೆ ಎಲೆ ಹಾಕುವಾಗ ಉಳಿದ ಎರಡೂವರೆ ಚಮಚದ್ದು ಹೊಸದಾಗಿ ಮಾಡಿ ಸುರಿಯುತ್ತೇನೆ. ಎರಡನೆಯದರಲ್ಲಿ ಜೀರಿಗೆ ಹೆಸರಿಗಷ್ಟೇ, ಏಕೆಂದರೆ ಮೊದಲಿನದು ಆಗಲೇ ಸತ್ವ ಬಿಟ್ಟಿರುತ್ತದೆ. ಸಾಸಿವೆ, ಇಂಗು, ಕರಿಬೇವು ಮಾತ್ರ ಎಂದಿನಂತೆ.

ಇದೇ ಮಾತು ಕೆಳಮುಖವಾಗಿಯೂ ನಿಜ. ಒಬ್ಬರಿಗೇ ಕಾಲು ಲೋಟ ಬೇಳೆ ಬೇಯಿಸುವಾಗ ಎಣ್ಣೆಯನ್ನು ಮುಕ್ಕಾಲು ಚಮಚಕ್ಕೆ ಇಳಿಸಿದರೆ ಸಾಸಿವೆ ಸಿಡಿಯದೆ ಸೀಯುತ್ತದೆ. ಆಗಲೂ ಎರಡು ಚಮಚ ಎಣ್ಣೆ ಬೇಕೇ ಬೇಕು. ಸೌಟನ್ನು ಸ್ವಲ್ಪ ವಾಲಿಸಿ ಹಿಡಿದರೆ ಎಣ್ಣೆ ಒಂದು ಕಡೆ ಆಳವಾಗಿ ನಿಂತು ಕಾಲು ಚಮಚ ಸಾಸಿವೆ ಚೆನ್ನಾಗಿ ಸಿಡಿಯುತ್ತದೆ. ಎಣ್ಣೆ ಹೆಚ್ಚೆನಿಸಿದರೆ ಒಗ್ಗರಣೆಯ ಅರ್ಧ ಭಾಗವನ್ನಷ್ಟೇ ತೊವ್ವೆಗೆ ಹಾಕಿ, ಉಳಿದದ್ದನ್ನು ಕೋಸಂಬರಿಗೋ ಚಟ್ನಿಗೋ ಸುರಿದುಕೊಳ್ಳಿ.