ಹಿಮ ಕಟ್ಟಿದ ಸಿಲಿಂಡರ್ ಖಾಲಿಯಾಗಿರಲಿಲ್ಲ

ಮೂರು ದೊಡ್ಡ ಒಲೆಗಳಿಗೆ 19 ಕಿಲೋದ ಒಂದೇ ಸಿಲಿಂಡರ್ ಜೋಡಿಸಿ ವರ್ಷಗಟ್ಟಲೆ ಅಡುಗೆ ಮಾಡಿದೆ. ಒಂದೊಂದು ಒಲೆಯೂ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಗ್ಯಾಸ್ ತಿನ್ನುತ್ತದೆ. ಎರಡು ಗಂಟೆ ಉರಿಯುವಷ್ಟರಲ್ಲಿ ಸಿಲಿಂಡರಿನ ಕೆಳಭಾಗ ಬೆವರುತ್ತಿತ್ತು, ಆಮೇಲೆ ಬಿಳಿ ಹಿಮ ಕಟ್ಟುತ್ತಿತ್ತು. ನಾಲ್ಕನೆಯ ಗಂಟೆಗೆ ಉರಿ ಸೊರಗುತ್ತಿತ್ತು. ಗ್ಯಾಸಿನಲ್ಲಿ ನೀರು ಬೆರೆಸಿದ್ದಾರೆ ಎಂದು ಜೊತೆಯವರು ಹೇಳಿದರು, ನಾನೂ ನಂಬಿದೆ. ಖಾಲಿಯಾಯಿತೆಂದು ಸಿಲಿಂಡರನ್ನು ಹಿಂದಿರುಗಿಸುತ್ತಿದ್ದೆ.

ಒಂದು ದಿನ ಸಂಶಯ ಬಂದು ತೂಗಿದೆ. ಮೇಲೆ ಕೊರೆದಿರುವ ಖಾಲಿ ತೂಕವನ್ನು ಕಳೆದರೆ ಸುಮಾರು ಏಳು ಕಿಲೋ ಉಳಿದಿತ್ತು! ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಣವನ್ನು ಪ್ರತಿ ಸಲ ಸುಮ್ಮನೆ ವಾಪಸು ಕೊಟ್ಟಿದ್ದೆ. ಅದೇ ಸಿಲಿಂಡರನ್ನು ಮರುದಿನ ಬೆಳಿಗ್ಗೆ ಜೋಡಿಸಿದರೆ ಉರಿ ನೀಲಿಯಾಗಿ ಭೋರೆಂದು ಎದ್ದಿತು.

ಒಳಗಿರುವುದು ದ್ರವ, ಒಲೆಗೆ ಹೋಗುವುದು ಆವಿ. ಒಂದು ಕಿಲೋ ದ್ರವ ಆವಿಯಾಗಲು ಸುಮಾರು 360 ಕಿಲೋಜೂಲ್ ಶಾಖ ಬೇಕು. ಗಂಟೆಗೆ ಮೂರು ಕಿಲೋ ಎಂದರೆ 300 ವಾಟ್ ಹೀಟರನ್ನು ಬಿಡದೆ ಉರಿಸಿದಷ್ಟು. ಆ ಶಾಖ ಹೊರಗಿನ ಗಾಳಿಯಿಂದ, ದ್ರವ ತಾಗಿರುವ ತಗಡಿನ ಮೂಲಕವೇ ಬರಬೇಕು. ಅಷ್ಟು ಬೇಗ ಬರದಿದ್ದಾಗ ದ್ರವವೇ ತನ್ನ ಬಿಸಿಯನ್ನು ಕಳೆದುಕೊಳ್ಳುತ್ತದೆ, ಒತ್ತಡ ಕುಸಿಯುತ್ತದೆ. ತಗಡು ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಗಾಳಿಯ ತೇವವೇ ಹಿಮವಾಗಿ ಕೂರುತ್ತದೆ. ಮಟ್ಟ ಇಳಿದಂತೆ ದ್ರವ ತಾಗಿರುವ ಜಾಗವೂ ಕಿರಿದಾಗುವುದರಿಂದ ಕೊನೆಯ ಕಿಲೋಗಳೇ ಹೆಚ್ಚು ಕಾಡುತ್ತವೆ. ಮೇಲಾಗಿ ಈ ಗ್ಯಾಸು ಪ್ರೊಪೇನ್ ಮತ್ತು ಬ್ಯೂಟೇನ್ ಬೆರೆತದ್ದು, ಅದರಲ್ಲಿ ಪ್ರೊಪೇನ್ ಮೊದಲು ಹೊರಟು ಬ್ಯೂಟೇನ್ ಹಿಂದೆ ಉಳಿಯುತ್ತದೆ. ಬ್ಯೂಟೇನ್ ಕುದಿಯುವುದು ಸೊನ್ನೆಯ ಹತ್ತಿರ, ಆದ್ದರಿಂದ ತಣ್ಣಗಾದ ಸಿಲಿಂಡರಿನಲ್ಲಿ ಅದು ಅಲುಗುವುದೇ ಇಲ್ಲ.

ಗೋಣಿಚೀಲ ಸುತ್ತಿ ನೋಡಿದೆ. ಬರಬೇಕಾದ ಶಾಖವೂ ನಿಂತು ಉರಿ ಇನ್ನೂ ಬೇಗ ಕುಗ್ಗಿತು. ನೀರಿನ ತೊಟ್ಟಿಯಲ್ಲಿ ಇಟ್ಟಾಗ ಒಳ್ಳೆಯ ಉರಿ ಬಂದಿತು, ಆದರೆ ತಳ ತುಕ್ಕು ಹಿಡಿಯತೊಡಗಿದ್ದರಿಂದ ಬಿಟ್ಟೆ. ಸಿಲಿಂಡರನ್ನು ಮಲಗಿಸುವುದು, ಬೆಂಕಿಯಿಂದ ಕಾಯಿಸುವುದು ಎರಡೂ ಪ್ರಾಣಕ್ಕೆ ಕುತ್ತು. ಮಲಗಿಸಿದರೆ ಕೊಳವೆಗೆ ದ್ರವವೇ ನುಗ್ಗುತ್ತದೆ. ಈ ಪರೀಕ್ಷೆಗಳ ನಡುವೆ ಒಂದು ಲಾಭವಾಯಿತು: ಹಿಮದ ಮೇಲಂಚು ಎಲ್ಲಿದೆಯೋ ಒಳಗಿನ ದ್ರವದ ಮಟ್ಟ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಈಗ ನಾನು ತಕ್ಕಡಿಯಿಲ್ಲದೆ ಒಂದು ಕಿಲೋ ಆಚೀಚೆಯಲ್ಲಿ ಹೇಳುತ್ತೇನೆ. ಜೋಡಣೆಯ ಒಂದೇ ಜಾಗದಲ್ಲಿ ಹಿಮ ಕಂಡರೆ ಮಾತ್ರ ಸೋರಿಕೆಯ ಶಂಕೆಯಿಂದ ಸಾಬೂನು ನೀರು ಹಚ್ಚಿ ನೋಡುತ್ತೇನೆ.

ಕೊನೆಗೆ ಹಲವು ಸಿಲಿಂಡರುಗಳನ್ನು ಒಂದೇ ಕೊಳವೆಗೆ ಸೇರಿಸುವ ಮ್ಯಾನಿಫೋಲ್ಡ್ ಹಾಕಿಸಿ ಮೂರು ಸಿಲಿಂಡರುಗಳನ್ನು ಒಟ್ಟಿಗೆ ತೆರೆದೆ. ಮೂರು ಪಟ್ಟು ಸಿಲಿಂಡರ್ ಹಿಡಿದಿಟ್ಟರೆ ನಷ್ಟವಲ್ಲವೇ ಎಂದು ಎಲ್ಲರೂ ಆಡಿಕೊಂಡರು. ಈಗ ಒಂದೊಂದರಿಂದ ಗಂಟೆಗೆ ಒಂದೇ ಕಿಲೋ ಹೊರಡುತ್ತದೆ, ತಗಡಿನ ಮೇಲೆ ಬೆವರು ಬಿಟ್ಟರೆ ಹಿಮವಿಲ್ಲ. ನಡುವೆ ಗೇಣಗಲ ಗಾಳಿ ಆಡಲು ಬಿಟ್ಟಿದ್ದೇನೆ. ಹೊಸದು, ಹಳೆಯದನ್ನು ಯಾವ ಕ್ರಮದಲ್ಲಿ ಬದಲಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ. ಕಳೆದ ಬಾರಿ ಹಿಂದಿರುಗಿಸಿದ ಮೂರನ್ನೂ ತೂಗಿದೆ, ಯಾವುದರಲ್ಲಿಯೂ ಅರ್ಧ ಕಿಲೋ ಮೀರಿ ಉಳಿದಿರಲಿಲ್ಲ.