ತಡವಾದ ಪಾರ್ಸೆಲ್, ನಿಂತ ಖಾತೆ: ಅರ್ಜಿ ಬರೆದದ್ದು ಹೀಗೆ

ಪುಣೆಯ ನಾರಾಯಣ ಪೇಠೆಯಲ್ಲಿ ಕುಳಿತು ಗುಳೇದಗುಡ್ಡದ ಖಣ ಮಾರುವುದು ನನ್ನ ಕೆಲಸ. ಇಲ್ಲಿಯವರಿಗೆ ಖಣ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ಗೌರಿಗೆ ಉಡಿ ತುಂಬಲು ಖಣ, ತೆಂಗಿನಕಾಯಿ ಬೇಕೇ ಬೇಕು. ಅಂಗಡಿ ಇಲ್ಲ. ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಖಾತೆ ತೆರೆದು ಮನೆಯಿಂದಲೇ ಕಳಿಸುತ್ತೇನೆ. ಕುಪ್ಪಸದ ಪೀಸು ಜಾಸ್ತಿ ಹೋಗುತ್ತದೆ. ಅದರ ಜೊತೆಗೆ ಖಣದ ಚೀಲ, ತೋರಣ, ಮಕ್ಕಳ ಪರಕರ-ಪೋಲಕ. ಇವನ್ನು ಹೊಲಿದು ಕೊಡುವವರು ಪಕ್ಕದ ವಾಡೆಯ ಮಾವಶಿ.

ಗಣಪತಿ ಹಬ್ಬ ಮುಗಿಯುತ್ತಿದ್ದಂತೆ ನನ್ನ ಖಾತೆ ನಿಂತಿತು. ತಡವಾಗಿ ರವಾನೆಯಾದ ಆರ್ಡರ್‌ಗಳು ಮಿತಿ ಮೀರಿವೆ, ಕಾರಣ ಮತ್ತು ಪರಿಹಾರ ಬರೆದು ಕಳಿಸಿ ಎಂದು ಮೇಲ್ ಬಂತು. ನವರಾತ್ರಿ ಮುಂದೆಯೇ ಇತ್ತು. ಅದು ನಮಗೆ ವರ್ಷದ ಎರಡನೇ ದೊಡ್ಡ ಸೀಸನ್.

ಮೊದಲು ಮಾಡಿದ್ದು ಅರ್ಜಿ ಬರೆಯುವುದಲ್ಲ, ಕೈಯಲ್ಲಿದ್ದ ಆರ್ಡರ್ ಮುಗಿಸುವುದು. ಖಾತೆ ನಿಂತರೆ ಹೊಸ ಆರ್ಡರ್ ಬರುವುದಿಲ್ಲ, ಆದರೆ ಆಗಲೇ ಬಂದವನ್ನು ಕಳಿಸಲೇಬೇಕು. ಇಲ್ಲಿ ಹಲವರು ಎಡವುತ್ತಾರೆ. ಹೇಗೂ ತಡವಾಗಿದೆ ಅಂತ ಆರ್ಡರ್ ರದ್ದು ಮಾಡಿಬಿಡುತ್ತಾರೆ. ರವಾನೆಗೆ ಮೊದಲು ಮಾರುವವರೇ ರದ್ದು ಮಾಡಿದ್ದಕ್ಕೆ ಬೇರೆಯೇ ಲೆಕ್ಕ ಇದೆ. ನಮ್ಮ ಮಾರುಕಟ್ಟೆಯಲ್ಲಿ ಅದರ ಮಿತಿ ಶೇ 2.5. ತಡ ರವಾನೆಯ ಮಿತಿ ಶೇ 4. ಒಂದನ್ನು ಮುಚ್ಚಲು ಹೋಗಿ ಇನ್ನೊಂದನ್ನು ಕೆಡಿಸಿಕೊಂಡರೆ ಅರ್ಜಿಯಲ್ಲಿ ಎರಡಕ್ಕೂ ಉತ್ತರ ಕೊಡಬೇಕಾಗುತ್ತದೆ.

ಅದೇ ದಿನ ರಾತ್ರಿ ಒಂದು ಅರ್ಜಿಯನ್ನೂ ಬರೆದೆ. ಹಬ್ಬದ ಗದ್ದಲದಲ್ಲಿ ಕೊರಿಯರ್ ಗಾಡಿ ಬರಲಿಲ್ಲ, ನನ್ನ ರೇಟಿಂಗ್ ಚೆನ್ನಾಗಿದೆ, ಎರಡು ಮನೆ ಇದರ ಮೇಲೆ ನಡೆಯುತ್ತವೆ, ಇನ್ನು ಮುಂದೆ ಎಚ್ಚರಿಕೆಯಿಂದ ಇರುತ್ತೇವೆ. ಎಲ್ಲವೂ ನಿಜವೇ. ಕಳಿಸಿದೆ. ಸಾಕಷ್ಟು ವಿವರ ಇಲ್ಲ ಎಂದು ವಾಪಸ್ ಬಂತು.

ನನ್ನ ಮೈದುನ ವಿಮಾ ಕಚೇರಿಯಲ್ಲಿ ಕ್ಲೇಮ್ ವಿಭಾಗದಲ್ಲಿದ್ದಾನೆ. ದಿನವಿಡೀ ಮಂದಿಯ ಅರ್ಜಿ ಓದುವುದೇ ಅವನ ಕೆಲಸ. ಅವನಿಗೆ ತೋರಿಸಿದೆ.

"ವೈನಿ, ಇದು ಅರ್ಜಿ ಅಲ್ಲ್ರೀ, ಗೋಳು," ಅಂದ. "ಓದೋವಂಗ ನಿಮ್ಮ ಪರಿಚಯ ಇಲ್ಲ. ಖಾತೆ ಬಿಟ್ರ ಮತ್ತ ಇದೇ ಆಗತೈತೋ ಇಲ್ಲೋ, ಅಷ್ಟ ನೋಡ್ತಾನ. ಎಷ್ಟು ತಡ, ಯಾಕ ತಡ, ಲೆಕ್ಕ ಎಲ್ಲೈತಿ?"

ಲೆಕ್ಕ ಇರಲಿಲ್ಲ. ಹಾಗಾಗಿ ಅಲ್ಲಿಂದ ಶುರು ಮಾಡಿದೆ.

ಮಾರಾಟಗಾರರ ಪೋರ್ಟಲ್‌ನಲ್ಲಿ ಆರ್ಡರ್ ರಿಪೋರ್ಟ್ ಇಳಿಸಿಕೊಳ್ಳಬಹುದು. ಅದರಲ್ಲಿ ಕಾಲಂ ಹತ್ತಾರು ಇರುತ್ತವೆ. ಈ ಕೆಲಸಕ್ಕೆ ಬೇಕಾದವು ಮೂರೇ: ಆರ್ಡರ್ ಬಂದ ಸಮಯ, ಯಾವ ದಿನದೊಳಗೆ ರವಾನೆಯಾಗಬೇಕಿತ್ತು ಎಂಬ ದಿನಾಂಕ, ನಿಜವಾಗಿ ರವಾನೆಯಾದ ಸಮಯ. ಮೂರನೆಯದರಲ್ಲಿ ಒಂದು ಸೂಕ್ಷ್ಮ ಇದೆ. ನಾನು ಲೇಬಲ್ ಪ್ರಿಂಟ್ ತೆಗೆದ ಸಮಯ ಅಲ್ಲಿ ಲೆಕ್ಕಕ್ಕಿಲ್ಲ. ಕೊರಿಯರ್ ಹುಡುಗ ಪಾರ್ಸೆಲ್ ಕೈಗೆ ತೆಗೆದುಕೊಂಡು ಸ್ಕ್ಯಾನ್ ಮಾಡಿದ ಸಮಯವೇ ಲೆಕ್ಕ. ಪ್ಯಾಕ್ ಮಾಡಿ ಬಾಗಿಲ ಬಳಿ ಇಟ್ಟದ್ದು ನಮ್ಮ ಕಣ್ಣಿಗೆ ರವಾನೆ, ಅವರ ಕಣ್ಣಿಗೆ ಅಲ್ಲ.

30 ದಿನಗಳಲ್ಲಿ 240 ಆರ್ಡರ್. ಅದರಲ್ಲಿ 27 ತಡ. ಅಂದರೆ ಶೇ 11ಕ್ಕಿಂತ ಸ್ವಲ್ಪ ಮೇಲೆ. ಆ 27 ಸಾಲುಗಳನ್ನು ಬೇರೆ ಶೀಟಿಗೆ ಹಾಕಿ, ಒಂದೊಂದರ ಮುಂದೆ ಯಾಕೆ ತಡವಾಯಿತು ಎಂದು ಬರೆಯುತ್ತ ಹೋದೆ. ನನ್ನ ಡೈರಿ, ಮಾವಶಿಯ ನೋಟ್‌ಬುಕ್, ವಾಟ್ಸಾಪ್ ಸಂದೇಶ ಎಲ್ಲ ತಾಳೆ ಹಾಕಿ ನೋಡಿದೆ. 16 ಆರ್ಡರ್ ಹೊಲಿದ ಮಾಲು: ಚೀಲ, ತೋರಣ, ಪರಕರ. 7 ಆರ್ಡರ್ ಸಮಯಕ್ಕೆ ಪ್ಯಾಕ್ ಆಗಿದ್ದವು, ಸಂಜೆ 5ರ ಪಿಕಪ್ ಗಾಡಿ ಬಂದಿರಲಿಲ್ಲ. ಹಬ್ಬದ ಸಂಜೆಗಳಲ್ಲಿ ಲಕ್ಷ್ಮಿ ರಸ್ತೆಯ ಸುತ್ತಮುತ್ತ ವಾಹನ ಬಿಡುವುದಿಲ್ಲ, ಪೇಠೆಯಲ್ಲಿರುವವರಿಗೆ ಇದು ಗೊತ್ತೇ ಇದೆ. ಉಳಿದ 4 ವಿಸರ್ಜನೆಯ ದಿನದವು. ಆ ದಿನ ರಜೆ ಎಂದು ಪೋರ್ಟಲ್‌ನಲ್ಲಿ ಹಾಕಿರಲಿಲ್ಲ, ಗಡಿಯಾರ ಓಡುತ್ತಲೇ ಇತ್ತು.

ಈಗ ನನ್ನ ಮೊದಲ ಅರ್ಜಿ ಯಾಕೆ ನಿಲ್ಲಲಿಲ್ಲ ಅಂತ ಕಂಡಿತು. ನಾನು ಕೊರಿಯರ್ ಕಡೆ ಬೆರಳು ತೋರಿಸಿದ್ದೆ. ಆ 7ನ್ನು ಪೂರ್ತಿ ಬಿಟ್ಟುಬಿಟ್ಟರೂ 240ಕ್ಕೆ 20 ತಡ, ಅಂದರೆ ಶೇ 8.3. ಮಿತಿಯ ಎರಡು ಪಟ್ಟು. ಅರ್ಜಿ ಓದುವವರ ಮುಂದೆ ಇದೇ ರಿಪೋರ್ಟ್ ಇರುತ್ತದೆ ಅಲ್ವಾ? ಇನ್ನೂ ಒಂದು ಲೆಕ್ಕ ಹಾಕಿ ನೋಡಿದೆ. ಹೊಲಿದ ಮಾಲಿನ 16ನ್ನು ಮಾತ್ರ ಸರಿಪಡಿಸಿದರೆ? ಆಗಲೂ 11 ಉಳಿಯುತ್ತವೆ, ಶೇ 4.6. ಆಗಲೂ ಮಿತಿಯ ಹೊರಗೇ. ಹಾಗಾಗಿ ಮೂರಕ್ಕೂ ಉತ್ತರ ಬೇಕಿತ್ತು.

ಹೊಲಿದ ಮಾಲು ಯಾಕೆ ತಡ ಎಂಬುದನ್ನು ಇನ್ನೂ ಸ್ವಲ್ಪ ಕೆದಕಬೇಕಾಯಿತು. "ಆರ್ಡರ್ ಜಾಸ್ತಿ ಬಂತು" ಎಂಬುದು ಕಾರಣ ಅಲ್ಲ. ಗೌರಿ ಪ್ರತಿ ವರ್ಷ ಬರುತ್ತಾಳೆ. ನಿಜ ಕಾರಣ ಎರಡು ಸೆಟ್ಟಿಂಗ್‌ನಲ್ಲಿತ್ತು. ಹ್ಯಾಂಡ್ಲಿಂಗ್ ಟೈಮ್, ಅಂದರೆ ಆರ್ಡರ್ ಬಂದ ಮೇಲೆ ಕಳಿಸಲು ನಾವು ಕೇಳಿಕೊಳ್ಳುವ ಸಮಯ, ಎಲ್ಲ ಲಿಸ್ಟಿಂಗ್‌ಗೂ 1 ದಿನ ಇತ್ತು. ಕುಪ್ಪಸದ ಪೀಸಿಗೆ ಅದು ಸರಿ, ಕಪಾಟಿನಿಂದ ತೆಗೆದು ಪ್ಯಾಕ್ ಮಾಡಿದರೆ ಮುಗಿಯಿತು. ಪರಕರ ಹೊಲಿಯಲು ಅದು ಸಾಲದು. ಎರಡನೆಯದು ಸ್ಟಾಕ್. ಚೀಲದ ಮುಂದೆ 50 ಎಂದು ಹಾಕಿದ್ದೆ. ಅಷ್ಟು ಚೀಲಕ್ಕೆ ಬಟ್ಟೆ ಇತ್ತು, ಚೀಲ ಇರಲಿಲ್ಲ.

ಎರಡನೇ ಅರ್ಜಿಯನ್ನು ಇಂಗ್ಲಿಷ್‌ನಲ್ಲೇ ಬರೆದೆ. ಅದರ ಸಾರ ಹೀಗಿತ್ತು:

"ಕಳೆದ 30 ದಿನಗಳ 240 ಆರ್ಡರ್‌ಗಳಲ್ಲಿ 27 ತಡವಾಗಿ ರವಾನೆಯಾಗಿವೆ. ಪ್ರತಿಯೊಂದರ ಆರ್ಡರ್ ಸಂಖ್ಯೆ ಮತ್ತು ಕಾರಣವಿರುವ ಪಟ್ಟಿ ಲಗತ್ತಿಸಿದೆ. 16 ಆರ್ಡರ್ ತಡವಾಗಲು ಕಾರಣ: ಹೊಲಿದು ಕೊಡುವ ಮಾಲಿಗೂ 1 ದಿನದ ಹ್ಯಾಂಡ್ಲಿಂಗ್ ಟೈಮ್ ಇತ್ತು, ಸಿದ್ಧವಿಲ್ಲದ ಮಾಲು ಸ್ಟಾಕ್‌ನಲ್ಲಿ ತೋರಿಸಲಾಗಿತ್ತು. 7 ಆರ್ಡರ್: ಸಂಜೆಯ ರಸ್ತೆ ಬಂದ್‌ನಿಂದ ಪಿಕಪ್ ಆಗಲಿಲ್ಲ, ನಮ್ಮಲ್ಲಿ ಬದಲಿ ವ್ಯವಸ್ಥೆ ಇರಲಿಲ್ಲ. 4 ಆರ್ಡರ್: ವಿಸರ್ಜನೆಯ ದಿನವನ್ನು ರಜೆ ಎಂದು ನಮೂದಿಸಿರಲಿಲ್ಲ.

"ಬಾಕಿ ಇದ್ದ ಎಲ್ಲ ಆರ್ಡರ್‌ಗಳನ್ನು ಕಳಿಸಿದ್ದೇವೆ, ಯಾವುದನ್ನೂ ರದ್ದು ಮಾಡಿಲ್ಲ. ಟ್ರ್ಯಾಕಿಂಗ್ ಸಂಖ್ಯೆಗಳು ಲಗತ್ತಿನಲ್ಲಿವೆ. ತಡವಾದ ಗ್ರಾಹಕರಿಗೆ ಪೋರ್ಟಲ್ ಮೂಲಕವೇ ಸಂದೇಶ ಕಳಿಸಿದ್ದೇವೆ.

"ಹೊಲಿದ ಮಾಲಿನ ಸ್ಟಾಕ್ ಈಗ ಸೊನ್ನೆ. ಇನ್ನು ಮುಂದೆ ಹೊಲಿದು ಕಪಾಟಿಗೆ ಬಂದಷ್ಟನ್ನು ಮಾತ್ರ ಎಣಿಸಿ ಹಾಕುತ್ತೇವೆ. ಅದರ ಹ್ಯಾಂಡ್ಲಿಂಗ್ ಟೈಮ್ 3 ದಿನಕ್ಕೆ ಬದಲಾಗಿದೆ. ಪಿಕಪ್ ಸಮಯ ಸಂಜೆ 5ರಿಂದ ಬೆಳಿಗ್ಗೆ 11ಕ್ಕೆ ಬದಲಾಗಿದೆ. 12ರೊಳಗೆ ಗಾಡಿ ಬರದಿದ್ದರೆ ಅದೇ ದಿನ ಪಾರ್ಸೆಲ್‌ಗಳನ್ನು ಕೊರಿಯರ್ ಕೇಂದ್ರಕ್ಕೆ ನಾವೇ ಒಯ್ದು ಸ್ಕ್ಯಾನ್ ಮಾಡಿಸುತ್ತೇವೆ. ವರ್ಷದ ಉಳಿದ ರಜೆಗಳನ್ನು ಪೋರ್ಟಲ್‌ನಲ್ಲಿ ನಮೂದಿಸಿದ್ದೇವೆ. ಬದಲಿಸಿದ ಸೆಟ್ಟಿಂಗ್‌ಗಳ ಸ್ಕ್ರೀನ್‌ಶಾಟ್ ಲಗತ್ತಿಸಿದೆ. ಖಾತೆಯನ್ನು ಮರಳಿ ತೆರೆಯಬೇಕೆಂದು ಕೋರುತ್ತೇವೆ."

ಇಷ್ಟೇ. ಒಂದು ಪುಟ ದಾಟಲಿಲ್ಲ. ರೇಟಿಂಗ್ ಮಾತು ತೆಗೆದೆ, ಮನೆಯ ಕಷ್ಟ ತೆಗೆದೆ. ಮನೆಯ ಕಷ್ಟ ತೆಗೆಯಲು ಮನಸ್ಸು ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಅದರಿಂದ ಮುಂದಿನ ಪಾರ್ಸೆಲ್ ಬೇಗ ಹೋಗುತ್ತದೆಯೇ?

ಬರೆಯುವಾಗ ನಾನು ಗಮನಿಸಿದ್ದು ಕ್ರಿಯಾಪದಗಳನ್ನು. "ಬದಲಿಸುತ್ತೇವೆ" ಎಂದು ಬರೆದಲ್ಲೆಲ್ಲ ನಿಂತು, ಪೋರ್ಟಲ್ ತೆರೆದು ಅದನ್ನು ಬದಲಿಸಿ ಬಂದು "ಬದಲಿಸಿದ್ದೇವೆ" ಎಂದು ತಿದ್ದಿದೆ. ಖಾತೆ ನಿಂತಿದ್ದರೂ ನನ್ನದರಲ್ಲಿ ಸೆಟ್ಟಿಂಗ್ ಬದಲಿಸಲು ಆಗುತ್ತಿತ್ತು. ಕೊರಿಯರ್ ಕೇಂದ್ರದ ಮಾತನ್ನೂ ಮೊದಲು ಹೋಗಿ ಕೇಳಿ, ನಮ್ಮ ಪಾರ್ಸೆಲ್ ಅಲ್ಲಿ ತೆಗೆದುಕೊಳ್ಳುತ್ತಾರೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬರೆದದ್ದು. ಪರಿಶೀಲಿಸಲು ಬರದ ಮಾತು ಅರ್ಜಿಯಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈ ನಡುವೆ ಸಲಹೆ ಕೊಡುವವರಿಗೇನೂ ಕಮ್ಮಿ ಇರಲಿಲ್ಲ. ಗಂಡನ ಹೆಸರಲ್ಲಿ ಇನ್ನೊಂದು ಖಾತೆ ತೆರೆಯಿರಿ ಅಂತ ಒಬ್ಬರು. ವಿಳಾಸ, ಬ್ಯಾಂಕ್ ಖಾತೆ, ಜಿಎಸ್‌ಟಿ, ಫೋನ್, ಯಾವುದಾದರೂ ಒಂದು ತಾಳೆಯಾದರೆ ಹೊಸದನ್ನೂ ಮುಚ್ಚುತ್ತಾರೆ, ಹಳೆಯದರ ದಾರಿಯೂ ಕಟ್ಟಾಗುತ್ತದೆ. ಮತ್ತೊಬ್ಬರು, ಪಾರ್ಸೆಲ್ ಕೊಡುವ ಮೊದಲೇ ಪೋರ್ಟಲ್‌ನಲ್ಲಿ "ರವಾನೆಯಾಗಿದೆ" ಎಂದು ಒತ್ತಿಬಿಡಿ ಅಂದರು. ಸ್ವಂತ ಕೊರಿಯರ್ ಬಳಸುವವರಿಗೆ ಇದು ಒಂದೆರಡು ದಿನ ನಡೆದಂತೆ ಕಾಣಬಹುದು. ಆದರೆ ಟ್ರ್ಯಾಕಿಂಗ್‌ನ ಮೊದಲ ಸ್ಕ್ಯಾನ್ ಮರುದಿನದ್ದಾಗಿದ್ದರೆ ಆ ಅಂತರ ಎದ್ದು ಕಾಣುತ್ತದೆ. ತಡ ರವಾನೆಯ ದೂರು ಆಗ ಸುಳ್ಳು ಮಾಹಿತಿಯ ದೂರಾಗುತ್ತದೆ. ಅದಕ್ಕೆ ಅರ್ಜಿ ಬರೆಯುವುದು ಇದಕ್ಕಿಂತ ಬಲು ಕಷ್ಟ.

ಅರ್ಜಿ ಕಳಿಸಿದ ಮೇಲೆ ಸುಮ್ನೆ ಕಾಯ್ದೆ. ದಿನಕ್ಕೊಂದು ನೆನಪೋಲೆ ಹಾಕಲಿಲ್ಲ. ಅವರು ಒಂದು ಪ್ರಶ್ನೆ ಕೇಳಿದರು: ಹೊಲಿಯುವವರು ಒಬ್ಬರೇ ಆದರೆ ಅವರು ಕಾಯಿಲೆ ಬಿದ್ದಾಗ ಏನು? ಒಳ್ಳೆಯ ಪ್ರಶ್ನೆಯೇ. ಸಿದ್ಧ ಮಾಲನ್ನು ಮಾತ್ರ ಲಿಸ್ಟ್ ಮಾಡುವುದರಿಂದ ಹೊಲಿಗೆ ನಿಂತರೆ ಸ್ಟಾಕ್ ತಾನೇ ಸೊನ್ನೆಗೆ ಬರುತ್ತದೆ, ಆರ್ಡರ್ ಬರುವುದಿಲ್ಲ ಎಂದು ಉತ್ತರಿಸಿದೆ. ನವರಾತ್ರಿಗೆ ಮೊದಲು ಖಾತೆ ತೆರೆಯಿತು. ತಡೆಹಿಡಿದಿದ್ದ ಹಣ ಅದಾದ ಮೇಲೆ ಬಂತು.

ತೆರೆದ ಮೇಲಿನ ದಿನಗಳೇ ಹೆಚ್ಚು ನಾಜೂಕು. ಶೇಕಡಾ ಲೆಕ್ಕ 30 ದಿನದ್ದು. ಖಾತೆ ನಿಂತಿದ್ದಾಗ ಆರ್ಡರ್ ಇಲ್ಲ, ಹಳೆಯವು ಒಂದೊಂದಾಗಿ ಲೆಕ್ಕದಿಂದ ಹೊರಗೆ ಬೀಳುತ್ತವೆ. ಹಾಗಾಗಿ ಒಟ್ಟು ಸಂಖ್ಯೆ ಚಿಕ್ಕದಾಗುತ್ತದೆ. 240 ಆರ್ಡರ್ ಇದ್ದಾಗ 9 ತಡವಾದರೂ ಶೇ 4ರ ಒಳಗೆ ಇರಬಹುದಿತ್ತು. 20 ಆರ್ಡರ್ ಇದ್ದಾಗ ಒಂದೇ ಒಂದು ತಡವಾದರೆ ಶೇ 5. ಅದಕ್ಕೇ ನವರಾತ್ರಿ ಮುಗಿಯುವವರೆಗೆ ಚೀಲ, ಪರಕರ ಎಲ್ಲ ಬಂದ್ ಇಟ್ಟೆ. ಬರೀ ಕುಪ್ಪಸದ ಪೀಸು ಮಾರಿದೆ, ಅದೂ ಕಪಾಟಿನಲ್ಲಿ ಮಡಚಿಟ್ಟಿದ್ದನ್ನು. ಮಾವಶಿಗೆ ಬೇಜಾರಾಯಿತು. ಅವರಿಗೆ ಆ ತಿಂಗಳು ದೀಪಾವಳಿಯ ತೋರಣ ಹೊಲಿಯಲು ಕೊಟ್ಟೆ, ಹೊಲಿದಷ್ಟಕ್ಕೆ ಮಜೂರಿಯನ್ನೂ ಆಗಲೇ ಕೊಟ್ಟೆ. ಮಾಲು ಮಾರುವ ಮೊದಲೇ ನನ್ನ ದುಡ್ಡು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಸಿದ್ಧ ಸ್ಟಾಕ್ ಇಡುವುದರ ಖರ್ಚು ಅದು, ಈಗ ಅದನ್ನು ಬೆಲೆಯಲ್ಲೇ ಸೇರಿಸಿದ್ದೇನೆ.